ಟೇಬಲ್‌ನಲ್ಲಿದ್ದದ್ದನ್ನೇ ಮತ್ತೆ ಬರೆಯಬೇಕಾ?

ಪ್ರಶ್ನೆ: ನಾನು ಎಂಡಿಎಸ್ ವಿದ್ಯಾರ್ಥಿನಿ. 12 ವರ್ಷದ ಶಾಲಾ ಮಕ್ಕಳಲ್ಲಿ ಹುಳುಕು ಹಲ್ಲು ಎಷ್ಟಿದೆ ಅಂತ ಸರ್ವೆ ಮಾಡಿದ್ದೇನೆ. ಫಲಿತಾಂಶದ ಭಾಗ ಓದಿದ ಗೈಡ್, ‘ಟೇಬಲ್‌ನಲ್ಲಿ ಇರೋದನ್ನೇ ಮತ್ತೆ ಬರೆದಿದ್ದೀಯ’ ಅಂದರು. ಹಾಗಾದರೆ ಏನು ಬರೆಯಲಿ?

ಉತ್ತರ: ಸುಮ್ನೆ ಒಂದು ಲೆಕ್ಕ ಇಟ್ಟುಕೊಳ್ಳೋಣ. 400 ಮಕ್ಕಳು. ಹುಳುಕಾದ (ಡಿ), ಹುಳುಕಿನಿಂದ ಕಳೆದುಕೊಂಡ (ಎಂ), ತುಂಬಿಸಿದ (ಎಫ್) ಹಲ್ಲುಗಳ ಒಟ್ಟು ಲೆಕ್ಕವೇ ಡಿಎಂಎಫ್‌ಟಿ. ಅವರಲ್ಲಿ 180 ಮಕ್ಕಳಿಗೆ ಅದು ಒಂದು ಅಥವಾ ಜಾಸ್ತಿ, ಅಂದರೆ 45%. ಒಟ್ಟು ಹುಳುಕು ಹಲ್ಲು 500, ಹುಳುಕಿನಿಂದ ಕಳೆದುಕೊಂಡದ್ದು 20, ತುಂಬಿಸಿದ್ದು 40. ಸರಾಸರಿ ಡಿಎಂಎಫ್‌ಟಿ 1.4.

‘ಡಿ ಸರಾಸರಿ 1.25, ಎಂ 0.05, ಎಫ್ 0.10 ಇತ್ತು’ ಅಂತ ಬರೆದರೆ ಓದುಗರು ಅದೇ ಸಾಲನ್ನು ಎರಡು ಸಲ ಓದಿದ ಹಾಗೆ. ಬದಲಿಗೆ ಹೀಗೆ ಬರೆಯಿರಿ: ‘ಡಿಎಂಎಫ್‌ಟಿಗೆ ಸೇರಿದ ಪ್ರತಿ ಹತ್ತು ಹಲ್ಲಿನಲ್ಲಿ ಸುಮಾರು ಒಂಬತ್ತಕ್ಕೆ ಚಿಕಿತ್ಸೆ ಸಿಕ್ಕಿರಲಿಲ್ಲ (ಟೇಬಲ್ 2).’ ಟೇಬಲ್‌ನಲ್ಲಿ ಮೂರು ಅಂಕಿ ಬಿಡಿಬಿಡಿಯಾಗಿವೆ. ಅವುಗಳನ್ನು ಒಂದಕ್ಕೊಂದು ಹೋಲಿಸಿ ತೋರಿಸುವುದು ನಿಮ್ಮ ವಾಕ್ಯದ ಕೆಲಸ. ಆದರೆ ಯಾಕೆ ಸಿಕ್ಕಿಲ್ಲ ಅನ್ನೋದನ್ನು ಇಲ್ಲಿ ಎತ್ತಬೇಡಿ, ಅದು ಚರ್ಚೆಯ ಭಾಗಕ್ಕೆ ಸೇರಿದ್ದು.

ಸರಾಸರಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಈ 400 ಮಕ್ಕಳಲ್ಲಿ 220 ಮಕ್ಕಳದ್ದು ಸೊನ್ನೆ. ಹಾಗಿರುವಾಗ 1.4 ಅನ್ನೋದು ಯಾವ ಮಗುವಿನ ಬಾಯಿಯ ಕಥೆಯನ್ನೂ ಹೇಳುವುದಿಲ್ಲ. ಸ್ಟ್ಯಾಂಡರ್ಡ್ ಡೀವಿಯೇಷನ್ ಸರಾಸರಿಗಿಂತ ದೊಡ್ಡದಾಗಿದ್ದರೆ ಇದೇ ಆಗಿದೆ ಅಂತ ತಿಳಿಯಿರಿ. ಆಗ ಮಕ್ಕಳನ್ನು ಡಿಎಂಎಫ್‌ಟಿ ಪ್ರಕಾರ ಸಾಲಾಗಿ ಜೋಡಿಸಿ, ಹೆಚ್ಚು ಹುಳುಕಿರುವ ಮೂರನೇ ಒಂದು ಭಾಗದ ಸರಾಸರಿಯನ್ನು ಬೇರೆ ತೆಗೆಯಿರಿ. ಬ್ರಾಟ್‌ಹಾಲ್ 2000ರಲ್ಲಿ ಸೂಚಿಸಿದ ಎಸ್‌ಐಸಿ ಸೂಚ್ಯಂಕ ಇದೇ. ನಮ್ಮ ಲೆಕ್ಕದಲ್ಲಿ ಡಿಎಂಎಫ್‌ಟಿಗೆ ಸೇರಿದ 560 ಹಲ್ಲಿನಲ್ಲಿ 513 ಆ 133 ಮಕ್ಕಳದ್ದೇ ಅಂದುಕೊಳ್ಳಿ. ಅವರ ಸರಾಸರಿ 3.9 ಆಗುತ್ತದೆ. 1.4ರ ಪಕ್ಕದಲ್ಲಿ 3.9 ಕಂಡರೆ ಹೊರೆ ಯಾರ ಮೇಲಿದೆ ಅಂತ ಗೊತ್ತಾಗುತ್ತದೆ, ಅಲ್ವಾ? ಟೇಬಲ್‌ಗೆ ಈ ಒಂದು ಸಾಲು ಸೇರಿಸಿ. ಪಠ್ಯದಲ್ಲಿ ಒಂದೇ ವಾಕ್ಯ ಸಾಕು.

45%ರ ಪಕ್ಕದಲ್ಲಿ ಕಾನ್ಫಿಡೆನ್ಸ್ ಇಂಟರ್ವಲ್ ಇರಲಿ. ಸರಳ ಲೆಕ್ಕದಲ್ಲಿ ಅದು 40ರಿಂದ 50% ಬರುತ್ತದೆ. ನೀವು ಮೊದಲು ಶಾಲೆಗಳನ್ನು ಆರಿಸಿ, ಆಮೇಲೆ ಮಕ್ಕಳನ್ನು ನೋಡಿದ್ದರೆ ಈ ವ್ಯಾಪ್ತಿ ಸಾಮಾನ್ಯವಾಗಿ ಇನ್ನೂ ಅಗಲವಾಗುತ್ತದೆ. ಒಂದೇ ಶಾಲೆಯ ಮಕ್ಕಳ ಹಲ್ಲು ಒಂದೇ ತರಹ ಇರೋದು ಜಾಸ್ತಿ, ಅದಕ್ಕೆ. ಹಾಗಾಗಿ ಶಾಲೆಗಳ ಗುಂಪನ್ನು ಲೆಕ್ಕಕ್ಕೆ ತೆಗೆದುಕೊಂಡೇ ವ್ಯಾಪ್ತಿಯನ್ನು ಕಂಡುಹಿಡಿಯಿರಿ.

ಕೊನೆಗೆ ಟೇಬಲ್‌ನ ತಲೆಬರಹ. ‘ಹುಳುಕಿನ ಪ್ರಮಾಣ’ ಅಂತಷ್ಟೇ ಹಾಕಿದರೆ ಗೊಂದಲ. ಎಲ್ಲಾ ಹುಳುಕು ಹಲ್ಲನ್ನೂ ತುಂಬಿಸಿಕೊಂಡ ಮಗುವೂ ಆ 180ರಲ್ಲಿ ಬರುತ್ತದೆ. ಅದಕ್ಕೆ ‘ಡಿಎಂಎಫ್‌ಟಿ 1 ಅಥವಾ ಹೆಚ್ಚು ಇರುವ ಮಕ್ಕಳು’ ಎಂದೇ ಬರೆಯಿರಿ. ಚಿಕಿತ್ಸೆಯಾಗದ ಹುಳುಕಿರುವ ಮಕ್ಕಳಿಗೆ ಬೇರೆ ಸಾಲು ಕೊಡಿ. ಕ್ಲಿಪ್ ಹಾಕಲು ಕೀಳಿಸಿದ ಹಲ್ಲನ್ನು ‘ಎಂ’ಗೆ ಸೇರಿಸಿಲ್ಲ ಅನ್ನೋದನ್ನು ಟೇಬಲ್‌ನ ಅಡಿಟಿಪ್ಪಣಿಯಲ್ಲೇ ಹಾಕಿ.