ವಿಶ್ ಮತ್ತು ಹೋಪ್: ಎಡವುವುದು ಎಲ್ಲಿ?

ಪ್ರಶ್ನೆ: “ವಿಶ್, ಇಫ್ ಓನ್ಲಿ, ಹೋಪ್ ಮೂರಕ್ಕೂ ನಾನು ‘ವಿಲ್’ ಹಾಕುತ್ತೇನೆ. ಸರ್ ತಪ್ಪು ಅಂತ ಗೆರೆ ಎಳೆಯುತ್ತಾರೆ. ಯಾಕೆ?”

ನಾನೂ ಇದರಲ್ಲಿ ಬಿದ್ದವನೇ. ಮಂಗಳೂರಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಸಹೋದ್ಯೋಗಿಯ ತಾಯಿ ಆಸ್ಪತ್ರೆಯಲ್ಲಿದ್ದರು. ‘ಐ ವಿಶ್ ಯುವರ್ ಮದರ್ ರಿಕವರ್ಡ್ ಸೂನ್’ ಅಂತ ಮೆಸೇಜ್ ಕಳಿಸಿದೆ. ವಿಶ್ ಆದಮೇಲೆ ಪಾಸ್ಟ್ ಟೆನ್ಸ್ ಅಂತ ಬಾಯಿಪಾಠ ಮಾಡಿದ್ದೆ ನೋಡಿ! ಓದಿದರೆ ‘ಅವರು ಗುಣ ಆಗುವ ಹಾಗೆ ಕಾಣ್ತಿಲ್ಲ, ಆಗಿದ್ದರೆ ಚೆನ್ನಾಗಿತ್ತು’ ಅಂದ ಹಾಗಿದೆ. ಆಗಬಹುದಾದ ವಿಷಯಕ್ಕೆ ಬೇಕಿದ್ದದ್ದು ಹೋಪ್: ‘ಐ ಹೋಪ್ ಶಿ ರಿಕವರ್ಸ್ ಸೂನ್.’ ಮುಂದಿನದ್ದಾದರೂ ಸಾದಾ ಪ್ರೆಸೆಂಟ್ ಸಾಕು. ಹೋಪ್ ಜೊತೆ ‘ವಿಲ್’ ಬಂದರೂ ತಪ್ಪಲ್ಲ. ನಿಮ್ಮ ಸರ್ ಗೆರೆ ಎಳೆಯಬೇಕಾದದ್ದು ವಿಶ್, ಇಫ್ ಓನ್ಲಿ ಜೊತೆಗಿನ ‘ವಿಲ್’ಗೆ.

ವಿಶ್ ಇರುವುದು ಈಗ ಇಲ್ಲದ್ದಕ್ಕೆ, ಅಥವಾ ಕೈತಪ್ಪಿ ಹೋದದ್ದಕ್ಕೆ. ಇಲ್ಲಿ ನಮ್ಮ ಕನ್ನಡವೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಉಡುಪಿ ಬಸ್‌ಸ್ಟ್ಯಾಂಡಲ್ಲಿ ಮಂಗಳೂರಿನ ಎಕ್ಸ್‌ಪ್ರೆಸ್ ಕಣ್ಣೆದುರೇ ಹೋಯಿತು ಅಂತಿಟ್ಟುಕೊಳ್ಳಿ. ‘ಸ್ಕೂಟರ್ ಇದ್ದಿದ್ದರೆ!’ ಅನ್ನುತ್ತೀರಿ. ನಿನ್ನೆಯ ಕಥೆ ಹೇಳುವಾಗಲೂ ಅದೇ ‘ಇದ್ದಿದ್ದರೆ’. ಇಂಗ್ಲಿಷ್‌ನಲ್ಲಿ ಇವೆರಡೂ ಬೇರೆ ಬೇರೆ. ಈಗ ಸ್ಕೂಟರ್ ಇಲ್ಲ ಅಂದರೆ ಟೆನ್ಸ್ ಒಂದು ಹೆಜ್ಜೆ ಹಿಂದೆ: ‘ಐ ವಿಶ್ ಐ ಹ್ಯಾಡ್ ಅ ಸ್ಕೂಟರ್.’ ನಿನ್ನೆ ಇರಲಿಲ್ಲ ಅಂದರೆ ಇನ್ನೊಂದು ಹೆಜ್ಜೆ: ‘ಐ ವಿಶ್ ಐ ಹ್ಯಾಡ್ ಹ್ಯಾಡ್ ಅ ಸ್ಕೂಟರ್ ಯೆಸ್ಟರ್‌ಡೇ.’ ಎರಡು ‘ಹ್ಯಾಡ್’ ನೋಡಿ ಗಾಬರಿ ಬೇಡ, ಅದು ಸರಿಯೇ. ಮನೆಯಿಂದ ಹತ್ತು ನಿಮಿಷ ಬೇಗ ಹೊರಡದೆ ತಪ್ಪು ಮಾಡಿದೆ ಅನ್ನಿಸಿದರೆ ‘ಐ ವಿಶ್ ಐ ಹ್ಯಾಡ್ ಲೆಫ್ಟ್ ಅರ್ಲಿಯರ್.’ ಹೊರಡುವ ಕ್ಷಣ ಮುಗಿದಿದೆ, ಅಲ್ವಾ?

ಅಷ್ಟರಲ್ಲಿ ಮಳೆಯೂ ಶುರುವಾಯಿತು, ಛತ್ರಿ ಇಲ್ಲ. ನಿಲ್ಲಬಾರದಾ ಇದು ಅಂತ ಬೇಸರವಾದರೆ ‘ವುಡ್’: ‘ಐ ವಿಶ್ ದ ರೇನ್ ವುಡ್ ಸ್ಟಾಪ್.’ ಈ ‘ವುಡ್’ ಬೇರೆಯವರ ಅಥವಾ ಬೇರೆ ವಸ್ತುವಿನ ಹಠಕ್ಕೆ ಮಾತ್ರ. ನಿಮ್ಮ ಬಗ್ಗೆಯೇ ಹೇಳುವಾಗ ‘ಐ ವಿಶ್ ಐ ವುಡ್’ ಬೇಡ, ‘ಕುಡ್’ ಹಾಕಿ.

ಇಫ್ ಓನ್ಲಿಗೆ ಬೇರೆ ನಿಯಮ ಕಲಿಯಬೇಕಿಲ್ಲ. ವಿಶ್‌ನ ಟೆನ್ಸೇ, ಸಂಕಟ ಸ್ವಲ್ಪ ಜಾಸ್ತಿ: ‘ಇಫ್ ಓನ್ಲಿ ಐ ಹ್ಯಾಡ್ ಲೆಫ್ಟ್ ಅರ್ಲಿಯರ್!’

ಇನ್ನೊಂದು ವಿಷಯ. ಹೋಪ್ ಜೊತೆ ಪಾಸ್ಟ್ ಬರುವುದೇ ಇಲ್ಲ ಅಂತ ಸುಮ್ನೆ ನಂಬಬೇಡಿ. ಅದೇ ಎಕ್ಸ್‌ಪ್ರೆಸ್ ಹಿಡಿಯಲು ತಂಗಿ ಮೊದಲೇ ಹೊರಟಿದ್ದಳು, ಬಸ್ ಸಿಕ್ಕಿತೋ ಇಲ್ಲವೋ ನಿಮಗೆ ತಿಳಿಯದು: ‘ಐ ಹೋಪ್ ಶಿ ಕಾಟ್ ಇಟ್.’ ಸಿಗಲಿಲ್ಲ ಅಂತ ಅವಳ ಫೋನ್ ಬಂದ ಕೂಡಲೇ ಅದು ‘ಐ ವಿಶ್ ಶಿ ಹ್ಯಾಡ್ ಕಾಟ್ ಇಟ್’ ಆಗುತ್ತದೆ.