ಯೋಗ ಸ್ಟುಡಿಯೋ ರೆಂಡರ್‌ನಲ್ಲಿ ಬೆಳಗಿನ ಬಿಸಿಲು ತರುವುದು ಹೇಗೆ?

ಪುಣೆಯ ಯೋಗ ಸ್ಟುಡಿಯೋವನ್ನು ಬ್ಲೆಂಡರ್‌ನಲ್ಲಿ ರೆಂಡರ್ ಮಾಡ್ತಿದ್ದೀನಿ. ಮರದ ನೆಲ, ಪೂರ್ವಕ್ಕೆ ದೊಡ್ಡ ಕಿಟಕಿ. ಆದ್ರೂ ಮಧ್ಯಾಹ್ನದ ಥರ ಕಾಣುತ್ತೆ, ಯಾಕೆ?

ಸೂರ್ಯ ತುಂಬಾ ಮೇಲಿದ್ದಾನೆ, ಅಷ್ಟೇ. ಮಾರ್ಚ್ ಮೂರನೇ ವಾರದಲ್ಲಿ ಪುಣೆಯಲ್ಲಿ ಸುಮಾರು ಏಳೂಮುಕ್ಕಾಲಿಗೆ ಸೂರ್ಯ 15 ಡಿಗ್ರಿ ಎತ್ತರದಲ್ಲಿರುತ್ತಾನೆ. ಹತ್ತಕ್ಕೆಲ್ಲ 45 ಡಿಗ್ರಿ ದಾಟಿರುತ್ತಾನೆ. ನಿಮ್ಮ ಕಿಟಕಿಯ ಮೇಲಂಚು ನೆಲದಿಂದ 2.1 ಮೀಟರ್ ಎತ್ತರದಲ್ಲಿದೆ ಅಂದುಕೊಳ್ಳಿ. 45 ಡಿಗ್ರಿಯಲ್ಲಿ ಬಿಸಿಲು ಒಳಗೆ ಬರುವುದು ಎರಡೇ ಮೀಟರ್. 15 ಡಿಗ್ರಿಯಲ್ಲಿ ಹತ್ತಿರ ಹತ್ತಿರ ಎಂಟು ಮೀಟರ್. ಆ ಉದ್ದನೆಯ ಪಟ್ಟೆ ಕಂಡರೇ ನಮಗೆ ಬೆಳಗು ಅನಿಸೋದು. (ಎದುರು ಏಳಂತಸ್ತಿನ ಕಟ್ಟಡ ಇದ್ದರೆ ನಿಜವಾದ ಹಾಲ್‌ಗೆ ಇದು ಸಿಗಲ್ಲ. ಗ್ರಾಹಕರಿಗೆ ಮೊದಲೇ ಹೇಳಿಬಿಡಿ.)

ನೆರಳಿನ ಅಂಚು ಚಾಕುವಿನಲ್ಲಿ ಕೊಯ್ದ ಹಾಗಿದ್ದರೆ ಶಾಂತಿ ಹೋಯ್ತು. ಸನ್ ಲೈಟ್‌ನ `Angle` ಅರ್ಧ ಡಿಗ್ರಿಯಷ್ಟಿರುತ್ತದೆ. ಅದನ್ನು 2 ಅಥವಾ 3 ಮಾಡಿ. ಆಗಸದ ಬೆಳಕು ಸ್ವಲ್ಪ ಜಾಸ್ತಿಯೇ ಇರಲಿ, ಇಲ್ಲದಿದ್ದರೆ ಮೂಲೆಗಳು ಕಪ್ಪಾಗುತ್ತವೆ. ಕಿಟಕಿ ಬರೀ ಬಿಳಿಯಾಗಿ ಸುಟ್ಟಂತೆ ಕಂಡರೆ `View Transform` ನೋಡಿ. `Standard` ಇದ್ದರೆ `AgX` ಹಾಕಿ.

ನೆಲದಲ್ಲಿ ನಾನೇ ಎಡವಿದ್ದೆ. ಕೊತ್ರೂಡ್‌ನ ಒಂದು ಹಾಲ್‌ಗೆ `Roughness` 0.1 ಇಟ್ಟಿದ್ದೆ. ಗೆಳೆಯ ನೋಡಿ, "ಈಗಷ್ಟೇ ನೆಲ ಒರೆಸಿದ್ದಾರಾ?" ಅಂದ. 0.4ರ ಆಸುಪಾಸಿನಲ್ಲಿ ಹೊಳಪು ಕಿಟಕಿಯ ಕಡೆಗೆ ಮಾತ್ರ ಮಂದವಾಗಿ ಹರಡಿತು. ಹಲಗೆಗಳ ಅಗಲವನ್ನೂ ಅಳೆಯಿರಿ. ಮ್ಯಾಟ್‌ನ ಅಗಲ 60 ಸೆಂಟಿಮೀಟರ್, ಅದರಡಿ ಐದಾರು ಹಲಗೆ ಬಂದರೆ ಸರಿ.

ಮ್ಯಾಟ್ ಒಂದೇ ಸಾಕು, ಬಿಸಿಲಿನ ಅಂಚಿಗೆ. ಬುದ್ಧನ ಮೂರ್ತಿ ಬೇಡ.