ಆಹಾರ ಜಾಲದ ಬಾಣ ಸರಿ ಇದೆಯಾ ಅಂತ ನೋಡೋದು ಹೇಗೆ?

ಪ್ರಶ್ನೆ: ಹತ್ತನೇ ತರಗತಿಗೆ ಗದ್ದೆಯ ಆಹಾರ ಜಾಲದ ವರ್ಕ್‌ಶೀಟ್ ಮಾಡಿದ್ದೇನೆ. ಚಿತ್ರ ಮತ್ತು ಕೀ ಉತ್ತರ ಒಂದಕ್ಕೊಂದು ಹೊಂದಿದರೆ ಸಾಕಲ್ವಾ? ಶಕ್ತಿ ಪಿರಮಿಡ್‌ನಲ್ಲಿ ಕೇರೆ ಹಾವನ್ನು ಮೂರನೇ ಸ್ತರಕ್ಕೆ ಹಾಕಲಾ, ನಾಲ್ಕಕ್ಕಾ?

ಸಾಕಾಗಲ್ಲ. ನಾನೂ ಹೀಗೇ ನೋಡಿ, ಹೊಂದುತ್ತೆ ಅಂತ ಜೆರಾಕ್ಸ್‌ಗೆ ಕೊಟ್ಟಿದ್ದೆ. ನಂದೂ ಗದ್ದೆಯ ಜಾಲವೇ, ಅದರಲ್ಲೂ ಕೇರೆ ಹಾವು ಇತ್ತು.

ನನ್ನ ಚಿತ್ರದಲ್ಲಿ ಏಳು ಜೀವಿಗಳು, ಒಂಬತ್ತು ಬಾಣಗಳು. ಭತ್ತದಿಂದ ಮಿಡತೆಗೆ, ಭತ್ತದಿಂದ ಇಲಿಗೆ. ಮಿಡತೆಯಿಂದ ಕಪ್ಪೆಗೆ ಒಂದು, ಬೆಳ್ಳಕ್ಕಿಗೆ ಒಂದು. ಕಪ್ಪೆಯಿಂದ ಬೆಳ್ಳಕ್ಕಿಗೆ ಒಂದು, ಕೇರೆ ಹಾವಿಗೆ ಒಂದು. ಇಲಿಯಿಂದ ಕೇರೆ ಹಾವಿಗೆ ಒಂದು, ಹದ್ದಿಗೆ ಒಂದು. ಕೊನೆಗೆ ಕೇರೆ ಹಾವಿನಿಂದ ಹದ್ದಿಗೆ. ಹೀಗೆ ಇರಬೇಕಿತ್ತು. ಆದರೆ ಇಲಿ ಮತ್ತು ಹಾವಿನ ನಡುವಿನ ಬಾಣವನ್ನು ನಾನು ತಿರುಗಿಸಿ ಹಾಕಿದ್ದೆ. ಬಾಣದ ಮೊನೆ ಇಲಿಯ ಕಡೆಗಿತ್ತು.

ಪರೀಕ್ಷೆಯಲ್ಲಿ ಒಂದು ಪ್ರಶ್ನೆ: "ಕೇರೆ ಹಾವು ಯಾವ ಯಾವ ಪೋಷಣಾ ಸ್ತರಗಳಲ್ಲಿದೆ?" ನನ್ನ ಕೀ ಉತ್ತರ ಮೂರು ಮತ್ತು ನಾಲ್ಕು. ಒಬ್ಬ ಹುಡುಗಿ ಬರೀ ನಾಲ್ಕು ಅಂತ ಬರೆದಿದ್ದಳು. ನಾನು ಒಂದು ಅಂಕ ಕಳೆದೆ. ಅವಳು ಹಾಳೆ ಹಿಡಿದುಕೊಂಡು ಬಂದಳು. "ಮಿಸ್, ಇಲ್ಲಿ ಹಾವಿಗೆ ಬರೋದು ಕಪ್ಪೆಯಿಂದ ಮಾತ್ರ" ಅಂದಳು. ನಾನು ಚಿತ್ರವನ್ನೇ ನೋಡಲಿಲ್ಲ. "ಕೇರೆ ಹಾವು ಇಲಿ ತಿನ್ನಲ್ವೇನಮ್ಮಾ?" ಅಂತ ಕೇಳಿ ಕಳಿಸಿಬಿಟ್ಟೆ. ಚಿತ್ರವನ್ನು ಸರಿಯಾಗಿ ಓದಿದವಳು ಅವಳು. ಬಾಣ ನೋಡದೆ, ಗೊತ್ತಿದ್ದನ್ನು ಬರೆದ ಮಕ್ಕಳಿಗೆಲ್ಲ ಪೂರ್ತಿ ಅಂಕ ಸಿಕ್ಕಿತ್ತು. ಎರಡು ದಿನ ಆದಮೇಲೆ ನನಗೆ ಗೊತ್ತಾಯಿತು. ಅಷ್ಟರಲ್ಲಿ ಅದೇ ಹಾಳೆ ಪಕ್ಕದ ಶಾಲೆಗೂ ಹೋಗಿತ್ತು.

ನಾನು ಪರಿಶೀಲನೆ ಮಾಡದೆ ಕೊಟ್ಟಿದ್ದಲ್ಲ. ಮೂರು ಸಲ ನೋಡಿದ್ದೆ. ಮೂರೂ ಸಲ ತಪ್ಪು ಸಿಗಲಿಲ್ಲ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳ್ತೀನಿ, ನೀವೂ ಬಹುಶಃ ಇದನ್ನೇ ಮಾಡ್ತಿದ್ದೀರಿ.

ಮೊದಲು, ಉತ್ಪಾದಕಕ್ಕೆ ಯಾವ ಬಾಣವೂ ಒಳಗೆ ಬರಬಾರದು ಅಂತ ನೋಡಿದೆ. ಭತ್ತಕ್ಕೆ ಬಂದಿರಲಿಲ್ಲ. ಆಮೇಲೆ, ತುದಿಯ ಮಾಂಸಾಹಾರಿಯಿಂದ ಬಾಣ ಹೊರಗೆ ಹೋಗಬಾರದು ಅಂತ ನೋಡಿದೆ. ಬೆಳ್ಳಕ್ಕಿ, ಹದ್ದು ಎರಡರಿಂದಲೂ ಹೋಗಿರಲಿಲ್ಲ. ಮೂರನೆಯದಾಗಿ ಸರಪಳಿಗಳನ್ನು ಎಣಿಸಿದೆ. ಭತ್ತದಿಂದ ಹೊರಟು ತುದಿ ಮುಟ್ಟುವ ಸರಪಳಿಗಳು ಐದು ಇರಬೇಕು. ಐದೇ ಇದ್ದವು! ಸರಿಯಾದ ಚಿತ್ರದಲ್ಲಿ ಭತ್ತ, ಇಲಿ, ಹಾವು, ಹದ್ದು ಅನ್ನೋದು ಒಂದು ಸರಪಳಿ. ಬಾಣ ತಿರುಗಿದಾಗ ಅದು ಕಡಿದುಹೋಯಿತು. ಅದರ ಬದಲು ಭತ್ತ, ಮಿಡತೆ, ಕಪ್ಪೆ, ಹಾವು, ಇಲಿ, ಹದ್ದು ಅಂತ ಹೊಸದೊಂದು ಹುಟ್ಟಿಕೊಂಡಿತು. ಒಂದು ಹೋಯಿತು, ಒಂದು ಬಂತು, ಲೆಕ್ಕ ಅಷ್ಟೇ ಉಳಿಯಿತು. ಜಾಲದ ನಡುವೆ ಇರುವ ಬಾಣ ತಿರುಗಿದರೆ ಅಂಚುಗಳನ್ನು ನೋಡುವ ಪರೀಕ್ಷೆಗೆ ಅದು ಸಿಗೋದೇ ಇಲ್ಲ.

ತಪ್ಪು ಹುಟ್ಟಿದ್ದು ನಾನು ಮನಸ್ಸಲ್ಲಿ ಹೇಳಿಕೊಂಡ ವಾಕ್ಯದಿಂದ. "ಕೇರೆ ಹಾವು ಇಲಿಯನ್ನು ತಿನ್ನುತ್ತದೆ" ಅಂದುಕೊಂಡು ಗೆರೆ ಎಳೆದೆ. ವಾಕ್ಯದಲ್ಲಿ ಹಾವು ಮೊದಲು ಬಂತು, ಕೈಯೂ ಹಾವಿನಿಂದಲೇ ಹೊರಟಿತು. ಆಮೇಲೆ ಪರಿಶೀಲಿಸುವಾಗಲೂ ಅದೇ ವಾಕ್ಯ ಹೇಳಿಕೊಂಡೆ. ಹಾವು ಇಲಿ ತಿನ್ನೋದು ನಿಜ ತಾನೇ, ಹಾಗಾಗಿ ಸರಿ ಅನ್ನಿಸಿತು. ಬಾಣ ತೋರಿಸೋದು ಯಾರು ತಿನ್ನುತ್ತಾರೆ ಅನ್ನೋದನ್ನಲ್ಲ, ಶಕ್ತಿ ಎಲ್ಲಿಗೆ ಹೋಗುತ್ತೆ ಅನ್ನೋದನ್ನು.

ಈಗ ನಾನು "ತಿನ್ನು" ಅನ್ನೋ ಪದವನ್ನೇ ಬಿಟ್ಟು ಓದ್ತೀನಿ. ಬಾಣದ ಬಾಲದಲ್ಲಿರುವ ಜೀವಿಗೆ "ಇಂದ", ಮೊನೆಯಲ್ಲಿರುವ ಜೀವಿಗೆ "ಗೆ" ಸೇರಿಸಿ ಜೋರಾಗಿ ಓದೋದು. "ಶಕ್ತಿ ಹಾವಿನಿಂದ ಇಲಿಗೆ ಹೋಗುತ್ತದೆ." ಬಾಯಲ್ಲಿ ಹೇಳಿದ ತಕ್ಷಣ ತಪ್ಪು ಕಿವಿಗೆ ಬೀಳುತ್ತೆ. ಒಂಬತ್ತು ಬಾಣಕ್ಕೆ ಎರಡು ನಿಮಿಷವೂ ಬೇಡ. ಓದಿದ ಬಾಣದ ಮೇಲೆ ಪೆನ್ಸಿಲ್‌ನಲ್ಲಿ ಟಿಕ್ ಹಾಕಿ, ಇಲ್ಲದಿದ್ದರೆ ಗೆರೆಗಳು ಒಂದನ್ನೊಂದು ದಾಟುವ ಜಾಗದಲ್ಲಿ ಒಂದು ತಪ್ಪಿಹೋಗುತ್ತೆ.

ಆಮೇಲೆ ಕೀ ಉತ್ತರವನ್ನು ಮುಚ್ಚಿಟ್ಟು, ಬರೀ ಚಿತ್ರ ನೋಡಿ ಪ್ರತಿ ಜೀವಿಗೂ ಒಳಗೆ ಬರುವ ಬಾಣಗಳನ್ನು ಬರೆಯಿರಿ. ಅದೇ ಅದರ ಊಟದ ಪಟ್ಟಿ. ನಾನು ಇಲಿಗೆ ಹಾಗೆ ಬರೆದಿದ್ದರೆ "ಭತ್ತ, ಕೇರೆ ಹಾವು" ಅಂತ ಬರುತ್ತಿತ್ತು. ಕೀ ಉತ್ತರವನ್ನು ನಾವು ಬರೆಯೋದು ತಲೆಯಲ್ಲಿರುವ ಗದ್ದೆ ನೋಡಿ, ಮಕ್ಕಳು ಬರೆಯೋದು ಹಾಳೆ ಮೇಲಿರುವ ಗದ್ದೆ ನೋಡಿ. ಅದಕ್ಕೇ ಕೀ ಪಕ್ಕದಲ್ಲಿಟ್ಟುಕೊಂಡು ನೋಡಬೇಡಿ ಅನ್ನೋದು.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಅದನ್ನು ಹಾಗೆ ಕೇಳೋದೇ ಸರಿಯಲ್ಲ ಅಂತ ನನಗನ್ನಿಸುತ್ತೆ. ಶಕ್ತಿ ಪಿರಮಿಡ್‌ನ ಮೆಟ್ಟಿಲು ಪ್ರಾಣಿಗಳದ್ದಲ್ಲ, ಶಕ್ತಿಯದ್ದು. ಜಾಲದಲ್ಲಿ ಹಾವಿಗೆ ಎರಡು ದಾರಿಯಿಂದ ಊಟ ಬರುತ್ತೆ. ಇಲಿಯ ದಾರಿಯಲ್ಲಿ ಅದು ಮೂರನೇ ಸ್ತರ, ಮಿಡತೆ ಮತ್ತು ಕಪ್ಪೆಯ ದಾರಿಯಲ್ಲಿ ನಾಲ್ಕು. ಹದ್ದಂತೂ ಮೂರು, ನಾಲ್ಕು, ಐದು ಮೂರರಲ್ಲೂ ಇದೆ.

ಒಂದು ಲೆಕ್ಕ ಮಾಡಿ ನೋಡಿ, ಅಂಕಿಗಳು ಸುಮ್ನೆ ಊಹೆ. ಭತ್ತದಲ್ಲಿ 10,000 ಘಟಕ ಶಕ್ತಿ ಇದೆ ಅನ್ನಿ. ಶೇಕಡಾ 10ರ ನಿಯಮದಂತೆ ಎರಡನೇ ಸ್ತರಕ್ಕೆ 1,000. ಅದರಲ್ಲಿ ಇಲಿಗೆ 600, ಮಿಡತೆಗೆ 400. ಇಲಿಯಿಂದ ಮೇಲಕ್ಕೆ ಹೋಗೋದು 60. ಅದರಲ್ಲಿ ಹಾವಿಗೆ 40, ಹದ್ದಿಗೆ 20. ಮಿಡತೆಯಿಂದ ಹೋಗುವ 40ರಲ್ಲಿ ಕಪ್ಪೆಗೆ 30, ಬೆಳ್ಳಕ್ಕಿಗೆ 10. ಕಪ್ಪೆಯಿಂದ ಹೋಗೋದು ಬರೀ 3, ಅದರಲ್ಲಿ ಹಾವಿಗೆ 2. ಅಂದರೆ ಹಾವಿಗೆ ಸಿಕ್ಕ 42ರಲ್ಲಿ 40 ಮೂರನೇ ಮೆಟ್ಟಿಲಿಗೆ, 2 ನಾಲ್ಕನೇ ಮೆಟ್ಟಿಲಿಗೆ ಸೇರಬೇಕು. ಹತ್ತನೇ ತರಗತಿಗೆ ಇದು ಜಾಸ್ತಿ ಆಯಿತು ಅನ್ನಿಸಿದರೆ, ಪಿರಮಿಡ್ ಮೇಲೆ "ಭತ್ತ, ಇಲಿ, ಹಾವು, ಹದ್ದು ಸರಪಳಿಗೆ ಮಾತ್ರ" ಅಂತ ಬರೆದುಬಿಡಿ. ಆಗ ಹಾವು ಮೂರಕ್ಕೆ, ಹದ್ದು ನಾಲ್ಕಕ್ಕೆ. ಯಾರಿಗೂ ಗೊಂದಲ ಇಲ್ಲ.

ಜೊತೆಗೆ "ಪ್ರತಿ ಹಂತದಲ್ಲೂ ಶೇಕಡಾ 10 ಎಂದು ಭಾವಿಸಿ" ಅಂತ ಹಾಕಿ. ಅದು ಸರಾಸರಿ ಅಂದಾಜು ಅಷ್ಟೇ. ಪರಿಸರ ವಿಜ್ಞಾನಿ ಹೊವಾರ್ಡ್ ಓಡಮ್ ಅಮೆರಿಕದ ಫ್ಲೋರಿಡಾದ ಸಿಲ್ವರ್ ಸ್ಪ್ರಿಂಗ್ಸ್ ನೀರಿನ ಬುಗ್ಗೆಯಲ್ಲಿ ಅಳತೆ ಮಾಡಿ 1957ರಲ್ಲಿ ಪ್ರಕಟಿಸಿದರು. ಒಂದು ಚದರ ಮೀಟರಿಗೆ ವರ್ಷಕ್ಕೆ ಉತ್ಪಾದಕರಲ್ಲಿ 20,810 ಕಿಲೋ ಕ್ಯಾಲೊರಿ, ಸಸ್ಯಾಹಾರಿಗಳಲ್ಲಿ 3,368, ಮಾಂಸಾಹಾರಿಗಳಲ್ಲಿ 383, ತುದಿಯವುಗಳಲ್ಲಿ 21. ಭಾಗಿಸಿ ನೋಡಿದರೆ ಸುಮಾರು 16, 11, 5.5 ಪರ್ಸೆಂಟ್. ಹತ್ತು ಎಲ್ಲೂ ಸರಿಯಾಗಿ ಕೂತಿಲ್ಲ. ಆದರೆ ಪ್ರತಿ ಮೆಟ್ಟಿಲೂ ಕೆಳಗಿನದಕ್ಕಿಂತ ಚಿಕ್ಕದಾಗಿಯೇ ಇದೆ. ಶಕ್ತಿ ಪಿರಮಿಡ್‌ನಲ್ಲಿ ಇದು ಮಾತ್ರ ಯಾವತ್ತೂ ತಪ್ಪುವಂತಿಲ್ಲ. ಒಂದು ಮರದ ಮೇಲೆ ಸಾವಿರ ಹುಳ ಇದ್ದರೆ ಸಂಖ್ಯೆಯ ಪಿರಮಿಡ್ ತಲೆಕೆಳಗಾಗಬಹುದು, ಶಕ್ತಿಯದ್ದು ಆಗಲ್ಲ. ನಿಮ್ಮ ಚಿತ್ರದಲ್ಲಿ ಆಗಿದ್ದರೆ ಯಾವುದೋ ಅಂಕಿ ತಪ್ಪಿದೆ, ಅಥವಾ ಶೀರ್ಷಿಕೆ ತಪ್ಪಿದೆ.

ಆ ಹುಡುಗಿಗೆ ನಾನು ಅಂಕ ವಾಪಸ್ ಕೊಟ್ಟೆ, ಇಡೀ ತರಗತಿಯ ಮುಂದೆ ಅವಳ ಕೈಯಲ್ಲೇ ಬೋರ್ಡಿನ ಮೇಲಿನ ಬಾಣ ತಿರುಗಿಸಿದೆ. ಪಕ್ಕದ ಶಾಲೆಯ ಸರ್‌ಗೂ ಅವತ್ತೇ ಫೋನ್ ಮಾಡಿದೆ. ಅವರು ಅಷ್ಟು ಹೊತ್ತಿಗೆ ಪೇಪರ್ ತಿದ್ದಿ ಮುಗಿಸಿದ್ದರು.